ಜರಡಿಯ ಮೇಲೆ ಉಳಿದದ್ದು

ಡೊಂಬಿವಲಿಯ ಅಂಗಡಿಗಳಲ್ಲಿ ಈಗ ರಾಗಿಗೆ ಬರವಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಘೋಷಿಸಿದ ಮೇಲಂತೂ ನಾಚಣಿ ಬಿಸ್ಕತ್ತು, ನಾಚಣಿ ಚಕ್ಕುಲಿ, ನಾಚಣಿ ಮಾಲ್ಟ್ ಎಂದು ಒಂದು ಕಪಾಟೇ ತುಂಬಿದೆ. ಹೊಟ್ಟೆ ಕಟ್ಟಿಕೊಂಡ ಹಿರಿಯರಿರುವ ಮನೆಯವರು ಮೊದಲು ಕೈಹಾಕುವುದೂ ಅಲ್ಲಿಗೇ. ರಾಗಿಯಲ್ಲಿ ನಾರಿದೆ, ಅಪ್ಪನಿಗೆ ದಿನಾ ಒಂದು ಲೋಟ ಮಾಲ್ಟ್ ಕೊಡುತ್ತಿದ್ದೇವೆ, ಆದರೂ ಏನೂ ಪ್ರಯೋಜನವಿಲ್ಲ ಎಂಬ ಮಾತನ್ನು ಠಾಣೆಯಿಂದ ಖಾರ್ಘರ್‌ವರೆಗೆ ನನ್ನ ಕನ್ನಡದ ಗೆಳೆಯರ ಮನೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ನಮ್ಮ ಮನೆಯ ಅಪ್ಪನದ್ದೂ ಇದೇ ಕಥೆ. ಅವರಿಗೆ ಎಪ್ಪತ್ತೆಂಟು. ತಿಪಟೂರಿನ ಕಡೆಯ ತೋಟ, ನಡಿಗೆ, ಮಧ್ಯಾಹ್ನದ ಮುದ್ದೆ ಎಲ್ಲ ಬಿಟ್ಟು ನಾಲ್ಕನೇ ಮಹಡಿಯ ಫ್ಲಾಟಿಗೆ ಬಂದ ಮೇಲೆ ವಾರಕ್ಕೆ ಎರಡು ಸಲ, ಅದೂ ತಿಣುಕಿ ತಿಣುಕಿ, ಎನ್ನುವ ಸ್ಥಿತಿಗೆ ಬಂದಿದ್ದರು.

ಮೊದಲು ಲೆಕ್ಕ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 3. ಇಷ್ಟಕ್ಕೇ ರಾಗಿಯನ್ನು ಮಂತ್ರದಂಡ ಮಾಡಿಕೊಳ್ಳಬೇಕಿಲ್ಲ, ಗೋಧಿಹಿಟ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಹಲ್ಲಿನ ಸೆಟ್ಟು ಹಾಕಿಕೊಂಡವರಿಗೆ ಚಪಾತಿ ಅಗಿಯುವುದು ಶಿಕ್ಷೆ. ರಾಗಿಯನ್ನು ಕುಡಿಯಬಹುದು, ನುಂಗಬಹುದು. ವಯಸ್ಸಾದವರಿಗೆ ಅದರಿಂದ ಆಗುವ ನಿಜವಾದ ಅನುಕೂಲ ಇದು.

ಈಗ ಆ ಮಾಲ್ಟಿನ ಲೋಟಕ್ಕೆ ಬನ್ನಿ. ಅದಕ್ಕೆ ಬೀಳುವುದು ಎರಡು ಚಮಚ ಪುಡಿ, ಅಂದರೆ ಹೆಚ್ಚೆಂದರೆ ಇಪ್ಪತ್ತು ಗ್ರಾಂ. ಅದು ಪೂರ್ತಿ ರಾಗಿಯೇ ಆಗಿದ್ದರೂ ಸಿಗುವ ನಾರು ಎರಡು ಗ್ರಾಂ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ, ಹಾಲಿನ ಪುಡಿ ಎಂದೆಲ್ಲ ಇದ್ದರೆ ಅಷ್ಟೂ ಇಲ್ಲ. ಇದಕ್ಕಿಂತ ದೊಡ್ಡ ನಷ್ಟ ಜರಡಿಯಲ್ಲಿ ಆಗುತ್ತದೆ. ರಾಗಿಯ ನಾರಿನ ಬಹುಪಾಲು ಇರುವುದು ಕೆಂಪು ಸಿಪ್ಪೆಯಲ್ಲಿ. ಆ ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇರುವುದರಿಂದ ಅಕ್ಕಿಯ ಹಾಗೆ ಸುಲಭವಾಗಿ ಪಾಲಿಶ್ ಮಾಡಲು ಬರುವುದಿಲ್ಲ, ಇಡೀ ಕಾಳನ್ನೇ ಬೀಸುತ್ತಾರೆ. ಬೀಸಿದ ಮೇಲೆ ಸಣ್ಣ ಕಣ್ಣಿನ ಜರಡಿ ಹಿಡಿದರೆ, ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿದರೆ, ಮೇಲೆ ಉಳಿಯುವ ತರಿಯಲ್ಲೇ ನಮಗೆ ಬೇಕಾದದ್ದು ಹೊರಟುಹೋಗುತ್ತದೆ. ಕೂಸಿಗೆ ರಾಗಿ ಸರಿ ಮಾಡುವಾಗ ಅಜ್ಜಿಯರು ಹೀಗೆ ಸೋಸುತ್ತಿದ್ದದ್ದು ಸರಿಯೇ, ಹಸುಗೂಸಿನ ಹೊಟ್ಟೆಗೆ ಆ ಸಿಪ್ಪೆ ಭಾರ. ಆದರೆ ಎಪ್ಪತ್ತು ದಾಟಿದವರಿಗೂ ‘ನುಣ್ಣಗಿರಲಿ ಪಾಪ’ ಎಂದು ಅದೇ ಸರಿ ಮಾಡಿಕೊಟ್ಟರೆ, ನಾವು ಕೊಡುತ್ತಿರುವುದು ಬಹುಪಾಲು ಪಿಷ್ಟ. ರಾಗಿಯನ್ನು ನೆನೆಸಿ, ರುಬ್ಬಿ, ಹಾಲು ಹಿಂಡಿ ಮಾಡುವ ಹಾಲುಬಾಯಿಯ ವಿಷಯವೂ ಹೀಗೇ. ರುಚಿಗೆ ತಿನ್ನಿ, ನಾರಿನ ಲೆಕ್ಕಕ್ಕೆ ಸೇರಿಸಬೇಡಿ.

ಆದ್ದರಿಂದ ನಮ್ಮ ಮನೆಯಲ್ಲಿ ಮೊದಲು ಬದಲಾದದ್ದು ಹಿಟ್ಟು. ಇಡೀ ರಾಗಿ ತಂದು, ಕಲ್ಲು ಆರಿಸಿ, ತೊಳೆದು, ಬಾಲ್ಕನಿಯಲ್ಲಿ ಒಣಗಿಸಿ ಬೀದಿಯ ಕೊನೆಯ ಗಿರಣಿಗೆ ಕೊಡುತ್ತೇವೆ. ‘ಬಾರೀಕ ದಳಾ, ಚಾಳೂ ನಕಾ’ ಎಂದು ಹೇಳಬೇಕು. ಸಣ್ಣಗೆ ಬೀಸಿ, ಜರಡಿ ಹಿಡಿಯಬೇಡಿ ಎಂದರ್ಥ. ಸಣ್ಣಗೆ ಬೀಸುವುದರಿಂದ ನಾರು ಎಲ್ಲಿಗೂ ಹೋಗುವುದಿಲ್ಲ, ಸೋಸಿದರೆ ಮಾತ್ರ ಹೋಗುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಉಳಿದ ಅಡುಗೆಯೆಲ್ಲ ತಾನಾಗಿ ಸರಿಹೋಗುತ್ತದೆ. ಹಣ್ಣನ್ನು ಮಿಕ್ಸಿಗೆ ಹಾಕಿ ಹಾಗೇ ಕುಡಿಸಿದರೆ ನಾರು ಇರುತ್ತದೆ, ಜ್ಯೂಸ್ ಮಾಡಿ ಸೋಸಿದರೆ ಇರುವುದಿಲ್ಲ. ಬೇಳೆಯನ್ನು ಕಡೆದು ಸಾರಿಗೆ ಸೇರಿಸಿದರೆ ಇರುತ್ತದೆ, ಮೇಲಿನ ತಿಳಿಯನ್ನಷ್ಟೇ ಬಡಿಸಿದರೆ ತಳದಲ್ಲೇ ಉಳಿಯುತ್ತದೆ.

ಸೊಪ್ಪಿನ ಮುಖ್ಯ ಪಾಠವೂ ಇಲ್ಲೇ ಇದೆ. ಅಪ್ಪನಿಗೆ ಪ್ರಾಣ ಬಸ್ಸಾರು. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲಿ ಸಾರು ಮಾಡುತ್ತೇವೆ. ಬಸಿದುಳಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ಊರಿನಲ್ಲಿದ್ದಾಗ ಎರಡನ್ನೂ ತಿನ್ನುತ್ತಿದ್ದರು. ಸೆಟ್ಟು ಬಂದ ಮೇಲೆ ಪಲ್ಯದ ದಂಟು ಅದರ ಕೆಳಗೆ ಸಿಕ್ಕಿ ಒಸಡು ಒತ್ತುತ್ತದೆಂದು ಸಾರು ಮಾತ್ರ ಸುರಿದುಕೊಂಡು ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸತೊಡಗಿದ್ದರು. ನೋಡುವವರಿಗೆ ವಾರಕ್ಕೆ ಮೂರು ದಿನ ಸೊಪ್ಪಿನ ಊಟ. ಹೊಟ್ಟೆಗೆ ಹೋಗುತ್ತಿದ್ದದ್ದು ಬಣ್ಣದ ನೀರು. ಹಿರಿಯರ ತಟ್ಟೆಯಲ್ಲಿ ಏನು ಬಡಿಸಿದಿರಿ ಎನ್ನುವುದಕ್ಕಿಂತ, ಕೈ ತೊಳೆದ ಮೇಲೆ ಏನು ಉಳಿದಿದೆ ಎಂದು ನೋಡಬೇಕು.

ಬಸ್ಸಾರಿನ ಬದಲು ಮಸ್ಸೊಪ್ಪು ಬಂತು. ನೂರು ಗ್ರಾಂ ಸೊಪ್ಪು, ಒಂದು ಹಿಡಿ ತೊಗರಿಬೇಳೆ ಅಥವಾ ನೆನೆಸಿದ ಹೆಸರುಕಾಳು, ಟೊಮೆಟೊ, ಎರಡು ಹಸಿಮೆಣಸು, ಈರುಳ್ಳಿ ಎಲ್ಲ ಒಟ್ಟಿಗೆ ಕುಕ್ಕರಿಗೆ. ಸೊಪ್ಪನ್ನು ಬೇಯಿಸುವ ಮೊದಲೇ ಸಣ್ಣಗೆ ಹೆಚ್ಚಬೇಕು. ಉದ್ದ ನಾರು ಬೆಂದ ಮೇಲೆ ತುಂಡಾಗುವುದಿಲ್ಲ, ಗಂಟಲಲ್ಲಿ ದಾರದಂತೆ ನೇತಾಡುತ್ತದೆ. ಬೆಂದದ್ದನ್ನು ಮಸೆಗೋಲಿನಲ್ಲಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಏನನ್ನೂ ಬಸಿಯಲಿಲ್ಲ, ಏನನ್ನೂ ಎಸೆಯಲಿಲ್ಲ.

ಸೊಪ್ಪಿನ ಹೆಸರುಗಳು ಇಲ್ಲಿ ಬೇರೆ. ಹೊಸದಾಗಿ ಬಂದವರಿಗಾಗಿ ಹೇಳುತ್ತೇನೆ. ನಮ್ಮ ದಂಟು, ಹರಿವೆಗೆ ಇಲ್ಲಿ ಮಾಠ, ಕೆಂಪಗಿದ್ದರೆ ಲಾಲ್ ಮಾಠ. ಸಬ್ಬಸಿಗೆ ಎಂದರೆ ಶೇಪು. ಪುಂಡಿ ಎಂದರೆ ಅಂಬಾಡಿ. ನುಗ್ಗೆಗೆ ಶೇವಗಾ. ನುಗ್ಗೆಸೊಪ್ಪಿನಲ್ಲಿ ಪಾಲಕ್‌ಗಿಂತ ಮೂರು ಪಟ್ಟಿಗೂ ಹೆಚ್ಚು ನಾರಿದೆ, ಎಲೆ ಬಿಡಿಸಲು ತಾಳ್ಮೆ ಬೇಕು ಅಷ್ಟೇ. ಅಪ್ಪನಿಗೆ ಅದೊಂದು ಕೆಲಸವಾಯಿತು, ಕನ್ನಡಕ ಹಾಕಿಕೊಂಡು ಪೇಪರಿನ ಮೇಲೆ ಬಿಡಿಸುತ್ತ ಕೂರುತ್ತಾರೆ. ಮಳೆಗಾಲದಲ್ಲಿ ಕಲ್ಯಾಣ, ಡೊಂಬಿವಲಿ ಸ್ಟೇಷನ್ನಿನ ಹೊರಗೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರ ಹತ್ತಿರ ಕಾಡುಸೊಪ್ಪು ಸಿಗುತ್ತದೆ. ಟಾಕಳಾ ಎನ್ನುವುದು ನಮ್ಮ ತಗಚೆ, ಮಂಗಳೂರು ಕಡೆಯವರ ತಜಂಕ್. ಕುರ್ಡು ಎನ್ನುವುದು ಅಣ್ಣೆಸೊಪ್ಪು. ಅಪ್ಪ ಅದನ್ನು ನೋಡಿ, “ಲೇ, ಇದು ನಮ್ಮ ಹೊಲದ ಕಳೆ ಕಣೋ, ಇದಕ್ಕೂ ದುಡ್ಡು ಕೊಟ್ಯಾ?” ಎಂದರು. ಕೊಟ್ಟಿದ್ದೆ, ಕಟ್ಟಿಗೆ ಇಪ್ಪತ್ತು ರೂಪಾಯಿ.

ಇಲ್ಲಿ ಸ್ವಲ್ಪ ನಿಂತು, ಅಡುಗೆಮನೆಗೆ ಹೋಗುವ ಮೊದಲೇ ಮಾಡಬೇಕಾದ ಒಂದು ಕೆಲಸದ ಬಗ್ಗೆ ಹೇಳಬೇಕು. ನಾರು ಎಲ್ಲ ಬಗೆಯ ಮಲಬದ್ಧತೆಗೂ ಔಷಧವಲ್ಲ. ನಮ್ಮ ಡಾಕ್ಟರು ಮೊದಲು ಕೇಳಿದ್ದು ಅಪ್ಪನ ಮಾತ್ರೆಗಳ ಪಟ್ಟಿ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಇರುವ ಆಂಟಾಸಿಡ್, ಕೆಲವು ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಇವೆಲ್ಲ ಹೊಟ್ಟೆ ಕಟ್ಟಿಸುತ್ತವೆ. ಥೈರಾಯ್ಡ್ ಕಡಿಮೆಯಾದರೂ ಹಾಗೆಯೇ. ಎರಡನೆಯದಾಗಿ, ಕೆಳಗೆ ಗಟ್ಟಿ ಮಲ ಅಡ್ಡ ಕೂತಿದೆಯೇ ಎಂದು ಪರೀಕ್ಷಿಸಿದರು. ಹಾಗೆ ಕೂತಿದ್ದಾಗ ಮೇಲಿನಿಂದ ನಾರು ತುಂಬಿದರೆ ಟ್ರಾಫಿಕ್ ಜಾಮಿಗೆ ಇನ್ನಷ್ಟು ಲಾರಿ ಬಿಟ್ಟ ಹಾಗೆ. ಇದರ ಒಂದು ಲಕ್ಷಣ ಮೋಸ ಮಾಡುವಂಥದ್ದು. ದಿನಗಟ್ಟಲೆ ಹೋಗದಿದ್ದವರಿಗೆ ಇದ್ದಕ್ಕಿದ್ದಂತೆ ನೀರುನೀರಾಗಿ ಸೋರುತ್ತದೆ. ಮನೆಯವರು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ನಿಜಕ್ಕೂ ಅದು ಗಟ್ಟಿ ಮಲದ ಪಕ್ಕದಿಂದ ಜಿನುಗುವ ನೀರು. ರಕ್ತ ಬಿದ್ದರೆ, ತೂಕ ಇಳಿಯುತ್ತಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ಇಷ್ಟು ವರ್ಷ ಸರಿಯಿದ್ದದ್ದು ಈಚೆಗೆ ಹಠಾತ್ತನೆ ಬದಲಾಗಿದ್ದರೆ, ರಾಗಿ ಪಪ್ಪಾಯಿ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಕಿಡ್ನಿಯ ತೊಂದರೆ ಇದ್ದವರಿಗೆ ಸೊಪ್ಪು, ಬಾಳೆಹಣ್ಣಿನ ಪೊಟ್ಯಾಸಿಯಂ ಲೆಕ್ಕವಿದೆ. ಹೃದಯದ ತೊಂದರೆಗೆ ನೀರು ಅಳತೆ ಮಾಡಿಟ್ಟವರಿದ್ದಾರೆ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸುವಂತಿಲ್ಲ. ಇವರಾರಿಗೂ ನಮ್ಮ ಮನೆಯ ಪಟ್ಟಿ ಹಾಗೇ ಒಪ್ಪುವುದಿಲ್ಲ.

ಅಪ್ಪನಿಗೆ ಇವು ಯಾವುವೂ ಇರಲಿಲ್ಲ. ಊಟದ ಮೇಲೆ ಗಮನವಿಡಿ, ಬೇಕಾದಾಗ ಸಿರಪ್ಪು ಕೊಡಿ ಎಂದರು ಡಾಕ್ಟರು. ಹಳೆಯ ಊಟದ ಲೆಕ್ಕ ಹಾಕಿದೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು ಮಜ್ಜಿಗೆ, ಸಂಜೆ ಚಹಾಕ್ಕೆ ಟೋಸ್ಟು, ರಾತ್ರಿ ಮತ್ತೆ ಅನ್ನ. ಎಲ್ಲ ಸೇರಿ ದಿನಕ್ಕೆ ಹತ್ತು ಗ್ರಾಂ ನಾರು ದಾಟುತ್ತಿರಲಿಲ್ಲ. ಅವರ ವಯಸ್ಸು, ಅವರು ತಿನ್ನುವ ಪ್ರಮಾಣಕ್ಕೆ ಇಪ್ಪತ್ತೈದರ ಸುತ್ತಮುತ್ತ ಬಂದರೆ ಸಾಕು ಎಂದುಕೊಂಡೆವು.

ಹತ್ತರಿಂದ ಇಪ್ಪತ್ತೈದಕ್ಕೆ ಒಂದೇ ದಿನದಲ್ಲಿ ಹಾರಬಾರದು. ಕಲ್ಯಾಣದ ಪರಿಚಿತರೊಬ್ಬರ ಮನೆಯಲ್ಲಿ ಒಂದೇ ಸೋಮವಾರ ಇಸಬ್‌ಗೋಲ್, ಗೋಧಿ ತೌಡು, ಬಟ್ಟಲು ತುಂಬ ಹಸಿ ಸಲಾಡು ಎಲ್ಲ ಶುರುಮಾಡಿದ್ದರು. ಬುಧವಾರದ ಹೊತ್ತಿಗೆ ಅಜ್ಜಿಯ ಹೊಟ್ಟೆ ತಮಟೆಯಾಗಿತ್ತು, ಗುರುವಾರ ಎಲ್ಲವೂ ನಿಂತಿತು. ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಹೊಸ ನಾರನ್ನು ಹುಳಿಸಿ ಗಾಳಿ ಮಾಡುತ್ತವೆ, ಅವಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ನನ್ನ ಆಫೀಸಿನಲ್ಲಿ ಒಂದೇ ರಾತ್ರಿ ನಾಲ್ಕು ಬದಲಾವಣೆ ಲೈವ್ ಮಾಡಿದರೆ ಬೆಳಿಗ್ಗೆ ಯಾವುದು ಕೆಟ್ಟಿತೆಂದು ಯಾರಿಗೂ ತಿಳಿಯುವುದಿಲ್ಲ. ಇಲ್ಲೂ ವಾರಕ್ಕೆ ಒಂದೇ ಬದಲಾವಣೆ ಎಂದು ನಿಯಮ ಮಾಡಿಕೊಂಡೆವು.

ಮೊದಲ ವಾರ ಇಡ್ಲಿಯ ಜಾಗಕ್ಕೆ ಅಂಬಲಿ. ಮೂರು ದೊಡ್ಡ ಚಮಚ, ಅಂದರೆ ಸುಮಾರು ಮೂವತ್ತು ಗ್ರಾಂ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದೂವರೆ ಲೋಟ ನೀರಿಗೆ ಸುರಿದು, ಹಸಿ ವಾಸನೆ ಹೋಗಿ ಹೊಳಪು ಬರುವವರೆಗೆ ಏಳೆಂಟು ನಿಮಿಷ ಕೈಯಾಡಿಸಬೇಕು. ರಾತ್ರಿಯೇ ಕಾಸಿಟ್ಟರೆ ಬೆಳಿಗ್ಗೆ ಸಣ್ಣಗೆ ಹುಳಿ ಬಂದಿರುತ್ತದೆ. ಮೇ ತಿಂಗಳ ಡೊಂಬಿವಲಿಯ ಸೆಕೆಗೆ ಮಾತ್ರ ಫ್ರಿಜ್ಜಿನಲ್ಲಿಡುವುದು ಕ್ಷೇಮ. ಮಜ್ಜಿಗೆ, ಉಪ್ಪು, ಸಣ್ಣ ಈರುಳ್ಳಿ ಸೇರಿಸಿದರೆ ನಾರಿನ ಜೊತೆ ಒಂದು ದೊಡ್ಡ ಲೋಟ ನೀರೂ ಒಳಗೆ ಹೋಯಿತು. ಎರಡನೇ ವಾರ ಮಧ್ಯಾಹ್ನಕ್ಕೆ ಐವತ್ತು ಗ್ರಾಂ ಹಿಟ್ಟಿನ ಸಣ್ಣ ಮುದ್ದೆ, ಜೊತೆಗೆ ಮಸ್ಸೊಪ್ಪು. ಮುದ್ದೆಯನ್ನು ಅಗಿಯಬೇಕಿಲ್ಲ ಎನ್ನುವುದೇ ಅದರ ಗುಣ. ಆದರೆ ನೀರು ಕುಡಿಯುವಾಗಲೇ ಕೆಮ್ಮು ಬರುವವರಿಗೆ, ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಆಗಿ ನುಂಗಲು ಕಷ್ಟವಾದವರಿಗೆ ಮುದ್ದೆ ಅಪಾಯ, ಕೊಡಲೇಬಾರದು.

ಮೂರನೇ ವಾರ ಹಣ್ಣು. ಬೆಳಗಿನ ಅಂಬಲಿಗೆ ಮೊದಲು ಒಂದು ಬಟ್ಟಲು ಪಪ್ಪಾಯಿ, ನೂರೈವತ್ತು ಗ್ರಾಂ, ನಾಲ್ಕು ಗ್ರಾಂ ನಾರು. ಸಂಜೆ ಒಂದು ಚಿಕ್ಕು. ಎಲ್ಲರೂ ಬಾಳೆಹಣ್ಣನ್ನು ಹೊಗಳುತ್ತಾರೆ, ಆದರೆ ಚಿಕ್ಕುವಿನಲ್ಲಿ ಅದರ ನಾಲ್ಕು ಪಟ್ಟು ನಾರಿದೆ, ಮೆತ್ತಗಿರುತ್ತದೆ, ಡಹಾಣು ಘೋಲವಡದ ಚಿಕ್ಕು ಇಲ್ಲಿಗೆ ಹತ್ತಿರದ್ದೇ. ಸಕ್ಕರೆ ಕಾಯಿಲೆ ಇದ್ದವರಿಗೆ ಚಿಕ್ಕುವಿನ ಬದಲು ಸೀಬೆಹಣ್ಣು ಮೇಲು, ಇಲ್ಲಿಯವರ ಪೇರು. ಅದರ ಬೀಜ ಸೆಟ್ಟಿನ ಸಂದಿಗೆ ಹೋಗುತ್ತದೆಂದು ಅಪ್ಪ ಮುಟ್ಟುವುದಿಲ್ಲ. ಬೀಜದ ಭಾಗ ತೆಗೆದು ತಿರುಳನ್ನು ಹೋಳು ಮಾಡಿಕೊಟ್ಟರೆ ಮುಟ್ಟುತ್ತಾರೆ. ರಾತ್ರಿ ನೆನೆಸಿಟ್ಟ ಎರಡು ಒಣ ಅಂಜೂರ, ನೆನೆಸಿದ ನೀರಿನ ಸಮೇತ.

ಬೀಜಗಳ ವಿಷಯದಲ್ಲಿ ಜನ ತುಂಬ ಗಲಿಬಿಲಿ ಮಾಡಿಕೊಳ್ಳುತ್ತಾರೆ. ಕೆಲವನ್ನು ನೆನೆಸಬೇಕು, ಕೆಲವನ್ನು ಪುಡಿ ಮಾಡಬೇಕು. ಇಲ್ಲಿ ಸಬ್ಜಾ ಎನ್ನುವ ಕಾಮಕಸ್ತೂರಿ ಬೀಜ ಮೊದಲ ಜಾತಿಯದು. ಒಂದು ಚಹಾ ಚಮಚವನ್ನು ಒಂದು ಲೋಟ ನೀರಿಗೆ ಹಾಕಿ ಕಾಲು ಗಂಟೆ ಬಿಟ್ಟರೆ ಪ್ರತಿ ಬೀಜದ ಸುತ್ತ ಲೋಳೆಯ ಕೋಟು ಬೆಳೆಯುತ್ತದೆ. ಆ ಲೋಳೆಯೇ ಮಲವನ್ನು ಮೆತ್ತಗಿಡುವ ಕರಗುವ ನಾರು. ಚಿಯಾ ಕೂಡ ಹೀಗೆಯೇ, ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಒಣ ಚಿಯಾ ನುಂಗಿ ಮೇಲೆ ನೀರು ಕುಡಿದವರೊಬ್ಬರ ಅನ್ನನಾಳದಲ್ಲಿ ಅದು ಊದಿ ಅಡ್ಡಗಟ್ಟಿದ್ದನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದ್ದಾರೆ. ಊದುವ ಬೀಜ ಲೋಟದಲ್ಲೇ ಊದಲಿ, ಗಂಟಲಲ್ಲಿ ಬೇಡ. ಇಸಬ್‌ಗೋಲ್‌ಗೂ ಇದೇ ಎಚ್ಚರ. ತುಂಬಿದ ಲೋಟ ನೀರಿನಲ್ಲಿ ಕದಡಿ, ಗಟ್ಟಿಯಾಗುವ ಮೊದಲೇ ಕೂತು ಕುಡಿಯಬೇಕು, ಕುಡಿದ ತಕ್ಷಣ ಮಲಗಬಾರದು, ಬೇರೆ ಮಾತ್ರೆಗಳಿಂದ ಎರಡು ಗಂಟೆ ದೂರವಿಡಬೇಕು. ಸಬ್ಜಾ ದಿನಾ ಕುಡಿಯುವವರಿಗೆ ಅದೂ ಬೇಕೆಂದೇನಿಲ್ಲ.

ಅಗಸೆ ಬೀಜ ಎರಡನೆಯ ಜಾತಿ. ಇಡಿಯಾಗಿ ತಿಂದರೆ ಬಹುಪಾಲು ಹೇಗೆ ಹೋಯಿತೋ ಹಾಗೆಯೇ ಹೊರಬರುತ್ತದೆ. ಹುಬ್ಬಳ್ಳಿ ಧಾರವಾಡದವರು ಇದನ್ನು ಹುರಿದು, ಬೆಳ್ಳುಳ್ಳಿ ಒಣಮೆಣಸು ಹಾಕಿ ಕುಟ್ಟಿ ಅಗಸಿ ಚಟ್ನಿ ಮಾಡುತ್ತಾರೆ, ಮರಾಠಿಯವರಲ್ಲಿ ಜವಸಾಚಿ ಚಟ್ನಿ. ಪುಡಿ ಮಾಡಿದ ಮೇಲೆ ಎಣ್ಣೆ ಬೇಗ ಕಮಟುತ್ತದೆ, ಹಾಗಾಗಿ ವಾರಕ್ಕಾಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡಬೇಕು. ಮೂಗಿಗೆ ಹಳೆಯ ಪೇಂಟಿನಂಥ ವಾಸನೆ ಬಂದರೆ ಎಸೆಯಿರಿ. ದಿನಕ್ಕೊಂದು ಚಮಚ ಮುದ್ದೆಯ ಜೊತೆ ಸಾಕು.

ನೀರಿನದು ಬೇರೆಯೇ ರಾಜಕೀಯ. ರಾತ್ರಿ ಎದ್ದೇಳಬೇಕಾಗುತ್ತದೆಂದು ಅಪ್ಪ ಸಂಜೆ ಆರರ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಹಗಲಿನಲ್ಲಿ ಬಾಯಾರಿಕೆ ಆಗುತ್ತಿರಲಿಲ್ಲ, ಈ ವಯಸ್ಸಿಗೆ ಅದರ ಅರಿವು ಕುಂದುತ್ತದೆ. ನೀರಿಲ್ಲದ ನಾರು ಸಿಮೆಂಟು. ವಾದ ಮಾಡಿ ಉಪಯೋಗವಿಲ್ಲವೆಂದು ಎಲ್ಲವನ್ನೂ ಸಂಜೆ ಐದರೊಳಗೆ ಮುಗಿಸುವಂತೆ ಹೊಂದಿಸಿದೆವು. ಎದ್ದ ಕೂಡಲೇ ಬಿಸಿನೀರು, ಅಂಬಲಿ, ಹನ್ನೊಂದಕ್ಕೆ ಸಬ್ಜಾ, ಊಟಕ್ಕೆ ಮಜ್ಜಿಗೆ, ನಾಲ್ಕಕ್ಕೆ ಚಹಾ ಮತ್ತು ಒಂದು ಲೋಟ ನೀರು.

ಕೊನೆಯ ತೊಡಕು ಊಟದ್ದೇ ಅಲ್ಲ, ಲೋಕಲ್ ಟ್ರೇನಿನದು. ತಿಂಡಿ ತಿಂದ ಇಪ್ಪತ್ತು ಮೂವತ್ತು ನಿಮಿಷದಲ್ಲಿ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ, ದಿನದಲ್ಲಿ ಕರೆ ಬರುವ ಒಳ್ಳೆಯ ಹೊತ್ತು ಅದು. ನಮ್ಮ ಮನೆಯಲ್ಲಿ ಇರುವುದು ಒಂದೇ ಟಾಯ್ಲೆಟ್ಟು. ಅಪ್ಪ ಏಳಕ್ಕೆ ತಿಂಡಿ ತಿಂದರೆ ಏಳೂವರೆಗೆ ಬಾಗಿಲ ಹಿಂದೆ ನಾನೋ ಮಗಳೋ ಇರುತ್ತಿದ್ದೆವು, 7.52ರ ಫಾಸ್ಟ್ ಹಿಡಿಯುವ ಅವಸರ. ಅವರು ಏನೂ ಹೇಳದೆ ಪೇಪರ್ ಓದುತ್ತ ಕೂರುತ್ತಿದ್ದರು, ಕರೆ ಹೊರಟುಹೋಗುತ್ತಿತ್ತು. ತಡೆದ ಮಲ ಒಳಗೆ ಒಣಗುತ್ತ ಹೋಗುತ್ತದೆ. ಹೆಂಡತಿ ಒಂದು ದಿನ ಪಪ್ಪಾಯಿ, ಅಂಬಲಿಯನ್ನು ಎಂಟೂಕಾಲಕ್ಕೆ ತಳ್ಳಿದಳು. ಎಲ್ಲರೂ ಹೊರಟ ಮೇಲೆ, ಖಾಲಿ ಮನೆ. ಕಮೋಡಿನ ಮುಂದೆ ಗಟ್ಟಿಯಾಗಿ ನಿಲ್ಲುವ ಸಣ್ಣ ಮಣೆ ಇಟ್ಟೆವು, ಮೊಣಕಾಲು ಮೇಲೆದ್ದರೆ ತಿಣುಕುವುದು ಕಡಿಮೆ. ಪಟ್ಟಿಯ ಯಾವ ಪದಾರ್ಥಕ್ಕಿಂತಲೂ ಈ ಗಂಟೆಯ ಬದಲಾವಣೆ ಹೆಚ್ಚು ಕೆಲಸ ಮಾಡಿತೇನೋ ಎಂದು ನನಗೆ ಈಗಲೂ ಅನುಮಾನ.

ಲೆಕ್ಕವಿಡಲು ನಾನೊಂದು ಸ್ಪ್ರೆಡ್‌ಶೀಟ್ ಮಾಡಿದ್ದೆ, ಅಪ್ಪ ಗೋಡೆಯ ಕ್ಯಾಲೆಂಡರೇ ಸಾಕೆಂದರು. ಹೋದ ದಿನಕ್ಕೊಂದು ಚುಕ್ಕೆ. ಮಲದ ಆಕಾರವನ್ನು ಏಳು ಬಗೆಯಾಗಿ ವಿಂಗಡಿಸುವ ಬ್ರಿಸ್ಟಲ್ ಪಟ್ಟಿ ಎಂಬುದೊಂದಿದೆ. ಒಂದು ಎಂದರೆ ಆಡಿನ ಹಿಕ್ಕೆ, ನಾಲ್ಕು ಎಂದರೆ ಬಾಳೆಹಣ್ಣಿನಂತೆ ನಯ, ಏಳು ಎಂದರೆ ನೀರು. ಅದನ್ನು ವಿವರಿಸಿದಾಗ ನಾಚಿ, “ಥೂ ಹೋಗೋ” ಎಂದವರು, ಎರಡು ದಿನ ಬಿಟ್ಟು ಚುಕ್ಕೆಯ ಪಕ್ಕ ಸಣ್ಣಗೆ 2 ಎಂದು ಬರೆದಿದ್ದರು. ಮೊದಲ ತಿಂಗಳ ಪುಟದಲ್ಲಿ ವಾರಕ್ಕೆ ಎರಡು ಚುಕ್ಕೆ, ಪಕ್ಕದಲ್ಲಿ 1 ಅಥವಾ 2. ಎರಡನೇ ತಿಂಗಳ ಹೊತ್ತಿಗೆ ವಾರಕ್ಕೆ ನಾಲ್ಕೈದು, ಹೆಚ್ಚಿನವು 3, ಕೆಲವು 4. ಮೂರು ದಿನ ಚುಕ್ಕೆ ಬೀಳದಿದ್ದರೆ ಡಾಕ್ಟರು ಹೇಳಿದ ಸಿರಪ್ಪು. ಅದು ಪೂರ್ತಿ ನಿಂತಿಲ್ಲ, ತಿಂಗಳಿಗೆ ಎರಡು ಸಲ ಬೇಕಾಗುತ್ತದೆ.

ಊರಿಗೆ ಹೋಗುವಾಗ ಎಲ್ಲ ತಪ್ಪುತ್ತದೆ. ಬೆಳಿಗ್ಗೆ ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು ಮರುದಿನ ಬೆಳಿಗ್ಗೆ, ರೈಲಿನ ಟಾಯ್ಲೆಟ್ಟಿಗೆ ಹೆದರಿ ಅಪ್ಪ ನೀರೇ ಕುಡಿಯುವುದಿಲ್ಲ. ಈ ಸಲ ಅಂಗೈಯಗಲದ ಡಬ್ಬಿಯಲ್ಲಿ ನೆನೆಸಿದ ಅಂಜೂರ, ಎರಡು ಚಿಕ್ಕು, ಬಾಟಲಿಯಲ್ಲಿ ತೆಳ್ಳಗಿನ ಅಂಬಲಿ ಕಟ್ಟಿಕೊಟ್ಟೆವು. ಸೋಲಾಪುರದ ಹೊತ್ತಿಗೆ ಫೋನ್ ಮಾಡಿದರೆ, ಅಂಬಲಿಯಲ್ಲಿ ಅರ್ಧವನ್ನು ಎದುರು ಸೀಟಿನ ಕಲಬುರಗಿಯ ಅಜ್ಜನಿಗೆ ಕೊಟ್ಟಾಗಿತ್ತು. “ಅವರಿಗೂ ಅದೇ ತೊಂದರೆಯಂತೆ ಕಣೋ,” ಎಂದರು. “ಹಿಟ್ಟು ಜರಡಿ ಹಿಡೀತಾರಂತೆ. ಹಿಡೀಬೇಡ್ರಿ ಅಂತ ಹೇಳಿದೀನಿ.”